ಆಂಬುಲೆನ್ಸ್ ತಡವಾಗಿ ತಂಗಿಗೆ ನೀಟ್ ತಪ್ಪಿತು. ಕೈತಪ್ಪಿದ ಅವಕಾಶಕ್ಕೆ ಪರಿಹಾರ ಕೇಳೋಕಾಗತ್ತಾ?

ಏಲಕ್ಕಿಗುಡ್ಡ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಹಾಸನ ಜಿಲ್ಲೆ, ಕಾಫಿ ತೋಟದೊಳಗಿನ ಲೈನ್ ಮನೆ. ತಂಗಿಗೆ ಚಿಕ್ಕಂದಿನಿಂದ ಆಸ್ತಮಾ. ಕಳೆದ ಸಲ ನೀಟ್ ದಿನ ಬೆಳಿಗ್ಗೆ 6:40ಕ್ಕೆ ಉಬ್ಬಸ ಶುರುವಾಯ್ತು. ಪಂಪ್ ಹೊಡ್ಕೊಂಡ್ರೂ ತಗ್ಗಲಿಲ್ಲ. 6:52ಕ್ಕೆ ತಾಲೂಕಿನ ಒಂದು ಖಾಸಗಿ ಆಸ್ಪತ್ರೆಗೆ ಫೋನ್ ಮಾಡಿದೆ. ಆಂಬುಲೆನ್ಸ್ 20 ನಿಮಿಷದಲ್ಲಿ ಬರತ್ತೆ ಅಂದ್ರು. 7:25ಕ್ಕೆ ಮತ್ತೆ ಮಾಡಿದೆ, ಹೊರಟಿದೆ ಅಂದ್ರು. ಆ ಮಧ್ಯೆ 108ಕ್ಕೂ ಹೇಳಿದ್ದೆ. ಇವರದ್ದು ಹೊರಟಿದೆಯಲ್ಲ ಅಂತ ನಾನೇ ಅದನ್ನ ಬೇಡ ಅಂದುಬಿಟ್ಟೆ. ಪಕ್ಕದ ಲೈನಿನವರು ಪಿಕಪ್ ತರ್ತೀನಿ ಅಂದ್ರು, ಅವರಿಗೂ ಬೇಡ ಅಂದೆ. 8:10ಕ್ಕೆ ಮೂರನೇ ಫೋನ್, "ಗೇಟ್ ಹತ್ರ ಬಂದಿರಬೇಕು ನೋಡಿ" ಅಂತ ಉತ್ತರ. ಗಾಡಿ ಬಂದಿದ್ದು 9:05ಕ್ಕೆ. ಆಸ್ಪತ್ರೆಯಿಂದ ನಮ್ಮನೆಗೆ 14 ಕಿಲೋಮೀಟರ್.

9:40ಕ್ಕೆ ಆಸ್ಪತ್ರೆ ಸೇರಿದ್ವಿ. ಆಕ್ಸಿಜನ್, ನೆಬ್ಯುಲೈಸೇಷನ್, ಇಂಜೆಕ್ಷನ್ ಎಲ್ಲಾ ಆಗಿ 1:10ಕ್ಕೆ ಬಿಟ್ರು. ಸೆಂಟರ್ 40 ಕಿಲೋಮೀಟರ್ ದೂರ. 2:05ಕ್ಕೆ ಮುಟ್ಟಿದ್ವಿ. ಗೇಟ್ 1:30ಕ್ಕೇ ಮುಚ್ಚಿತ್ತು. ಹಾಲ್ ಟಿಕೆಟ್ ಹಿಡ್ಕೊಂಡು ಗೇಟಿನ ಸರಳಿಗೆ ಹಣೆ ಆನಿಸಿ ನಿಂತಿದ್ಲು, ಅಳಲೂ ಇಲ್ಲ.

ಜೀವ ಉಳೀತು, ಅದು ದೊಡ್ಡದು. ಆದ್ರೆ ಒಂದು ವರ್ಷ ಹೋಯ್ತಲ್ಲ. ಆಂಬುಲೆನ್ಸಿಗೆ 3,500 ಕಟ್ಟಿದ ರಸೀದಿ ಇದೆ. "ಬರೆದಿದ್ರೂ ಸೀಟು ಸಿಗ್ತಿತ್ತು ಅಂತ ಏನು ಗ್ಯಾರಂಟಿ" ಅಂತಾರೆ ಆಸ್ಪತ್ರೆಯವರು. ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. ಇಂಥದ್ದಕ್ಕೆ ಕೇಸ್ ನಿಲ್ಲತ್ತಾ?

ಬೆಣ್ಣೆದೋಸೆ_ಬಾಯ್:
ಅಣ್ಣಾ, ಕೋರ್ಟಿಗೆ ಹೋಗಿ ಸೀಟನ್ನೇ ಕೇಳಿ. 2019ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಕೃಷ್ಣ ಶ್ರದ್ಧಾ ಪ್ರಕರಣದಲ್ಲಿ ಹೇಳಿದೆ, ವಿದ್ಯಾರ್ಥಿಯ ತಪ್ಪಿಲ್ಲದೆ ಮೆಡಿಕಲ್ ಸೀಟು ತಪ್ಪಿದ್ರೆ ಬರೀ ದುಡ್ಡು ಕೊಟ್ಟು ಕೈ ತೊಳೆಯೋ ಹಾಗಿಲ್ಲ, ಸೀಟೇ ಕೊಡಿಸಬಹುದು ಅಂತ.

ಕರಿಕೋಟು_ಧಾರವಾಡ:
ತಮ್ಮಾ, ತೀರ್ಪು ಖರೇ, ಆದರ ಅದು ಈ ಪ್ರಶ್ನೆಗೆ ಉತ್ತರ ಅಲ್ಲ. ಅಲ್ಲಿ ಹುಡುಗಿ ಪರೀಕ್ಷೆ ಬರದಿದ್ಲು, ರ‍್ಯಾಂಕ್ ಇತ್ತು, ಸೀಟು ಕೊಡೋರೇ ತಪ್ಪು ಮಾಡಿದ್ರು. ಇಲ್ಲಿ ಪರೀಕ್ಷೇನ ಬರದಿಲ್ಲ. ರ‍್ಯಾಂಕ್ ಇಲ್ಲದ ಮ್ಯಾಲೆ ಯಾವ ನ್ಯಾಯಾಲಯನೂ ಸೀಟು ಕೊಡಿಸೂದಿಲ್ಲ. ತಪ್ಪು ಮಾಡಿದ್ದೂ ಪರೀಕ್ಷೆ ನಡೆಸೋರಲ್ಲ, ಆಂಬುಲೆನ್ಸಿನವರು. ಇದು ರೊಕ್ಕದ ದಾವೆನ.

ಏಲಕ್ಕಿಗುಡ್ಡ ಅವರೇ, ನಾನು ಗ್ರಾಹಕರ ಆಯೋಗದಾಗ 19 ವರ್ಷದಿಂದ ಕೆಲಸ ಮಾಡ್ತೀನಿ. ಸಂಜಿಗೆ ಕೂತು ಬರೀತೀನಿ. ಅಲ್ಲೀತನಕ ಒಂದು ಹೇಳ್ರಿ, ಫೋನ್ ಮಾಡಿದಾಗ "ಇವತ್ತು ಪರೀಕ್ಷೆ ಅದ" ಅಂತ ಅವರಿಗೆ ಹೇಳಿದ್ರೇನು?

ಏಲಕ್ಕಿಗುಡ್ಡ:
ಮೊದಲನೇ ಫೋನಲ್ಲಿ ಇಲ್ಲ ಮೇಡಂ, ಅವಾಗ ತಲೇಲಿ ಪರೀಕ್ಷೆ ಇರಲೇ ಇಲ್ಲ. ಎರಡನೇದ್ರಲ್ಲಿ ಹೇಳಿದೆ. "ನೀಟ್ ಇದೆ, ಆದಷ್ಟು ಬೇಗ" ಅಂದೆ. "ಗೊತ್ತಾಯ್ತು, ಹೊರಟಿದೆ" ಅಂದ್ರು. ನನ್ನ ಫೋನಲ್ಲಿ ಕಾಲ್ ತಾನೇ ರೆಕಾರ್ಡ್ ಆಗತ್ತೆ, ನೋಡ್ಬೇಕು.

ಸೆಕ್ಷನ್‌ಪ್ರಿಯ:
ಎಲ್‌ಎಲ್‌ಬಿ ಕೊನೇ ವರ್ಷ ಓದ್ತಿದ್ದೀನಿ. ಬೇಸರದ ವಿಷಯ ಹೇಳ್ತೀನಿ, ಇದು ನಿಲ್ಲಲ್ಲ. 1987ರ ಹಾಟ್ಸನ್ ಪ್ರಕರಣ ನೋಡಿ, ಇಂಗ್ಲೆಂಡಿನದು. 13 ವರ್ಷದ ಹುಡುಗ ಮರದಿಂದ ಬಿದ್ದ, ಆಸ್ಪತ್ರೆಯವರು ಸೊಂಟದ ಪೆಟ್ಟನ್ನ ಐದು ದಿನ ಗುರುತಿಸಲಿಲ್ಲ. ಸರಿಯಾಗಿ ನೋಡಿದ್ರೂ ವಾಸಿಯಾಗೋ ಸಾಧ್ಯತೆ 25% ಮಾತ್ರ ಇತ್ತು. ಕೆಳಗಿನ ಕೋರ್ಟ್ ಪೂರ್ತಿ ಪರಿಹಾರದ ಕಾಲು ಭಾಗ ಕೊಡ್ತು. ಹೌಸ್ ಆಫ್ ಲಾರ್ಡ್ಸ್ ಅದನ್ನೂ ಕಿತ್ಕೊಂಡಿತು. 50% ದಾಟದಿದ್ರೆ ಸೊನ್ನೆ. ನಿಮ್ಮ ತಂಗಿಗೆ ಸೀಟು ಸಿಗೋ ಸಾಧ್ಯತೆ 50%ಗಿಂತ ಜಾಸ್ತಿ ಇತ್ತು ಅಂತ ಸಾಬೀತು ಮಾಡ್ತೀರಾ? ಕಷ್ಟ.

ಲೆಸ್ಟರ್_ಶೆಟ್ರು:
ನಾನಿರೋದು ಇಂಗ್ಲೆಂಡಿನ ಲೆಸ್ಟರಿನಲ್ಲಿ, ಒಂದು ಸಾಲಿಸಿಟರ್ ಆಫೀಸಲ್ಲಿ ಅಪಘಾತ ಪರಿಹಾರದ ಫೈಲುಗಳನ್ನ ನೋಡ್ಕೊಳ್ತೀನಿ. ಸೆಕ್ಷನ್‌ಪ್ರಿಯ ಹೇಳಿದ್ದು ಅರ್ಧ ಸರಿ. ಉಳಿದ ಅರ್ಧ 1911ರದ್ದು, ಚಾಪ್ಲಿನ್ ಮತ್ತು ಹಿಕ್ಸ್ ಪ್ರಕರಣ.

ಸೀಮೋರ್ ಹಿಕ್ಸ್ ಅನ್ನೋ ರಂಗನಟ ಪತ್ರಿಕೆ ಮೂಲಕ ಸ್ಪರ್ಧೆ ಇಟ್ಟ, ಗೆದ್ದ 12 ಹೆಣ್ಣುಮಕ್ಕಳಿಗೆ ನಾಟಕ ಕಂಪನಿಯಲ್ಲಿ ಮೂರು ವರ್ಷ ಕೆಲಸ. ಸುಮಾರು 6,000 ಅರ್ಜಿ ಬಂದವು. ಓದುಗರ ಓಟಿನಲ್ಲಿ 50 ಜನ ಕೊನೇ ಸುತ್ತಿಗೆ ಉಳಿದ್ರು. ಅವರಲ್ಲಿ ಒಬ್ಬಾಕೆಗೆ ಸಂದರ್ಶನದ ಪತ್ರ ಹೋಗಿದ್ದು ಲಂಡನ್ ವಿಳಾಸಕ್ಕೆ, ಆಕೆ ಇದ್ದಿದ್ದು ಸ್ಕಾಟ್ಲೆಂಡಿನ ಡಂಡೀಯಲ್ಲಿ. ಪತ್ರ ಕೈಸೇರೋ ಹೊತ್ತಿಗೆ ಸಂದರ್ಶನ ಮುಗಿದಿತ್ತು. ಆಕೆ ದಾವೆ ಹಾಕಿದಳು. ಹಿಕ್ಸ್ ಕಡೆ ವಾದ ಏನು ಗೊತ್ತಾ? "ಬಂದಿದ್ರೂ ಗೆಲ್ತಿದ್ದಳು ಅಂತ ಏನು ಗ್ಯಾರಂಟಿ?" ನಿಮ್ಮ ಆಸ್ಪತ್ರೆಯವರ ಮಾತೇ.

ಲೆಕ್ಕ ಹಾಕಿದ್ರೆ 50ರಲ್ಲಿ 12, ಅಂದ್ರೆ ನಾಲ್ಕರಲ್ಲಿ ಒಂದು ಅವಕಾಶವೂ ಪೂರ್ತಿ ಇಲ್ಲ. ಆದರೂ ಜ್ಯೂರಿ 100 ಪೌಂಡ್ ಕೊಡಿಸಿತು, ಮೇಲ್ಮನವಿ ನ್ಯಾಯಾಲಯ ಅದನ್ನ ಎತ್ತಿ ಹಿಡಿಯಿತು. ಕರಾರುವಾಕ್ಕಾಗಿ ಅಳೆಯೋಕಾಗಲ್ಲ ಅನ್ನೋದು ಏನೂ ಕೊಡದೇ ಇರೋಕೆ ಕಾರಣ ಅಲ್ಲ ಅನ್ನೋದು ಅದರ ತಿರುಳು. ಸ್ಪರ್ಧೆಯಲ್ಲಿ ಕೂರೋ ಹಕ್ಕಿಗೇ ಒಂದು ಬೆಲೆ ಇದೆ.

ಸೆಕ್ಷನ್‌ಪ್ರಿಯ:
ಅದು ಕರಾರಿನ ಕೇಸ್ ಸರ್. ಇದು ನಿರ್ಲಕ್ಷ್ಯ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಲೆಸ್ಟರ್_ಶೆಟ್ರು:
3,500 ಕಟ್ಟಿ ಗಾಡಿ ಕರೆಸಿದ್ದು ಕರಾರಲ್ಲದೆ ಮತ್ತೇನು ಮಾರಾಯ್ರೇ? ಆದರೆ ನೀವು ಮುಟ್ಟಿದ ಗೆರೆ ನಿಜವಾದ ಗೆರೆಯೇ. ದೇಹಕ್ಕಾದ ಹಾನಿಯಲ್ಲಿ ಇಲ್ಲಿನ ಕೋರ್ಟುಗಳು ಅವಕಾಶ ನಷ್ಟ ಒಪ್ಪೋದಿಲ್ಲ, 2005ರ ಗ್ರೆಗ್ ಪ್ರಕರಣದಲ್ಲೂ ಒಪ್ಪಲಿಲ್ಲ. ಹಣಕಾಸಿನ ಅವಕಾಶ, ಸ್ಪರ್ಧೆ, ಕೆಲಸ, ದಾವೆ ಹೂಡೋ ಹಕ್ಕು, ಇವುಗಳಲ್ಲಿ ಒಪ್ತಾರೆ.

ಕಾಫಿಕುಡಿ_ಸುಮ್ನಿರು:
ಎಲ್ಲಾ ಸರಿ, ಇಂಗ್ಲೆಂಡಿನ ಸುಂದರಿ ಕಥೆ ಕಟ್ಕೊಂಡು ಹಾಸನದ ಆಯೋಗದಲ್ಲಿ ಏನು ಮಾಡೋದು? ಹತ್ತು ವರ್ಷ ಅಲೆದು ಐದು ಸಾವಿರ ತಗೊಂಡು ಬರ್ತಾರೆ. ಓದೋ ಹುಡುಗಿನ ಓದೋಕೆ ಬಿಡಿ.

ತುಂಗಭದ್ರಾ_97:
ನಂದೂ ಇದೇ ಕತೆ. 2019ರ ಮೇ 5, ಹಂಪಿ ಎಕ್ಸ್‌ಪ್ರೆಸ್. ಬೆಂಗಳೂರಿನಲ್ಲಿ ನೀಟ್ ಸೆಂಟರ್ ಬಿದ್ದಿತ್ತು. ಬೆಳಿಗ್ಗೆ 7ರ ಹೊತ್ತಿಗೆ ಮುಟ್ಟಬೇಕಿದ್ದ ಗಾಡಿನ ಮಾರ್ಗ ಬದಲಿಸಿ ಓಡಿಸಿದ್ರು, ಬೆಂಗಳೂರು ಸೇರಿದಾಗ ಮಧ್ಯಾಹ್ನ 2 ದಾಟಿತ್ತು. ಬೋಗಿ ತುಂಬಾ ನಮ್ಮಂಥವರೇ. ಒಬ್ಬಳು ಯಲಹಂಕ ಬರೋ ತನಕ ಬಯಾಲಜಿ ನೋಟ್ಸ್ ಓದ್ತಾನೇ ಇದ್ಲು, ಯಾರೂ ಅವಳಿಗೆ ಟೈಮ್ ಎಷ್ಟಾಯ್ತು ಅಂತ ಹೇಳಲಿಲ್ಲ. ದೊಡ್ಡ ಗಲಾಟೆಯಾಗಿ ಮೇ 20ಕ್ಕೆ ಮರುಪರೀಕ್ಷೆ ಕೊಟ್ರು. ನಾನು ಬರೆದೆ. ನೀವೂ ಮರುಪರೀಕ್ಷೆ ಕೇಳಬೇಕಿತ್ತು.

ಏಲಕ್ಕಿಗುಡ್ಡ:
ಮರುದಿನವೇ ಇಮೇಲ್ ಹಾಕಿದ್ವಿ. ಗೈರುಹಾಜರಾದವರಿಗೆ ಮರುಪರೀಕ್ಷೆ ಇಲ್ಲ ಅಂತ ಉತ್ತರ ಬಂತು. ನೀವು ನೂರಾರು ಜನ ಇದ್ರಿ, ಇಡೀ ರೈಲು. ನಾವು ಒಬ್ಬರೇ.

ಕರಿಕೋಟು_ಧಾರವಾಡ:
ಆ ಇಮೇಲ್ ಅಳಿಸಬ್ಯಾಡ್ರಿ, ಅದೂ ಒಂದು ಸಾಕ್ಷಿ. ನಷ್ಟ ಕಡಿಮಿ ಮಾಡಿಕೊಳ್ಳಾಕ ನೀವು ಪ್ರಯತ್ನ ಮಾಡಿದ್ರಿ ಅಂತ ಅದು ತೋರಸ್ತದ. ಹಂಪಿ ಎಕ್ಸ್‌ಪ್ರೆಸ್ ಮಕ್ಕಳಿಗೆ ಅವಕಾಶ ವಾಪಸ್ ಸಿಕ್ತು, ಹಂಗಾಗಿ ನಷ್ಟ ಬಹುತೇಕ ಅಳಿಸಿಹೋತು. ನಿಮಗ ಸಿಗಲಿಲ್ಲ.

ಈಗ ವಿಷಯಕ್ಕ ಬರ್ತೀನಿ. ಇಲ್ಲಿ ಎರಡು ಪ್ರಶ್ನೆ ಅದಾವ, ಎಲ್ಲಾರೂ ಅವನ್ನ ಕಲಸಿ ಒಂದ ಮಾಡಾಕತ್ತೀರಿ.

ಒಂದನೇದು, ಗಾಡಿ ಹೊತ್ತಿಗೆ ಬಂದಿದ್ರ ಹುಡುಗಿ 1:30ರೊಳಗ ಗೇಟ್ ಮುಟ್ಟತಿದ್ಲೋ ಇಲ್ಲೋ. ಇದು ಅಂದಿನ ಘಟನಾವಳಿಯ ಪ್ರಶ್ನೆ. ಇಲ್ಲಿ ಸೆಕ್ಷನ್‌ಪ್ರಿಯ ಹೇಳಿದ ಅಳತೀನ ಬಳಸಬೇಕು, ತಕ್ಕಡಿ ನಿಮ್ಮ ಕಡೆ ವಾಲಬೇಕು. ವಾಲಿದ್ರ ಪೂರ್ತಿ ಖರೇ ಅಂತ ಹಿಡೀತಾರ, ವಾಲದಿದ್ರ ದಾವೆ ಅಲ್ಲೇ ಮುಗೀತದ. ಎರಡನೇದು, ಪರೀಕ್ಷೆ ಬರದಿದ್ರ ಸೀಟು ಸಿಗ್ತಿತ್ತೋ ಇಲ್ಲೋ. ಅದು ಪ್ರಶ್ನೆಪತ್ರಿಕೆ, ಲಕ್ಷಾಂತರ ಮಂದಿ, ಕೌನ್ಸೆಲಿಂಗ್, ಇವೆಲ್ಲಾದರ ಮ್ಯಾಲೆ ನಿಂತಿದ್ದು. ಯಾರಿಂದನೂ ಸಾಬೀತು ಮಾಡಾಕ ಆಗೂದಿಲ್ಲ. ಚಾಪ್ಲಿನ್ ತರ್ಕ ಬರೂದು ಇಲ್ಲಿ. ಅವಕಾಶ ಬರೇ ಆಸೆಯಲ್ಲ, ಖರೇ ಅವಕಾಶನ ಇತ್ತು ಅಂತ ತೋರಿಸಿದ್ರ ಸಾಕು. ಅದರ ಪ್ರಮಾಣಕ್ಕ ತಕ್ಕಂಗ ಬೆಲೆ ಕಟ್ಟಬಹುದು.

ನಿಮ್ಮ ಒಂದನೇ ಮೆಟ್ಟಿಲು ಗಟ್ಟಿ ಅದ. ಲೆಕ್ಕ ನೋಡ್ರಿ. 6:52ಕ್ಕ ಫೋನು, 14 ಕಿಲೋಮೀಟರ್ ಘಾಟಿ ದಾರಿ. ಅವರ ಮಾತಿಗಿಂತ ಹೆಚ್ಚಿಗೀನ ಕೊಟ್ಟು 33 ನಿಮಿಷ ಅನ್ರಿ, 7:25ಕ್ಕ ಮನಿ. 8ಕ್ಕ ಆಸ್ಪತ್ರೆ. ಚಿಕಿತ್ಸೆ ಅಷ್ಟ ಹಿಡಿದ್ರೂ, ಅಂದ್ರ ಮೂರೂವರೆ ತಾಸು, 11:30. ಅಲ್ಲಿಂದ 40 ಕಿಲೋಮೀಟರಿಗೆ ಒಂದು ತಾಸು, 12:30. ಗೇಟ್ ಮುಚ್ಚಾಕ ಇನ್ನೂ ಒಂದು ತಾಸು ಉಳೀತದ.

ಆದರ ಆ ಕಡೆ ವಕೀಲ ಎಲ್ಲಿ ಚುಚ್ಚತಾನ ಅಂತನೂ ಹೇಳಿಬಿಡ್ತೀನಿ. "ಅಷ್ಟು ಉಬ್ಬಸ ಬಂದ ಹುಡುಗಿ ಮೂರು ತಾಸು ಕೂತು ಬರೀತಿದ್ಲೇನು?" ಅಂತಾನ. ಅದಕ್ಕ ಚಿಕಿತ್ಸೆ ಕೊಟ್ಟ ಡಾಕ್ಟರ ಮಾತು ಬೇಕು. ಬಿಡುಗಡೆ ಚೀಟಿಯೊಳಗ ಏನು ಬರದಾರ?

ಏಲಕ್ಕಿಗುಡ್ಡ:
ಚೀಟಿ ಈಗ ಮುಂದೆ ಇಟ್ಕೊಂಡಿದ್ದೀನಿ. ಬಂದಾಗ ಆಕ್ಸಿಜನ್ 86, ಬಿಡುವಾಗ 97. "ಪರೀಕ್ಷೆಗೆ ಹೋಗಬಹುದು, ಇನ್ಹೇಲರ್ ಜೊತೆಗಿರಲಿ" ಅಂತ ಡಾಕ್ಟರ್ ಕೈಬರಹದಲ್ಲೇ ಇದೆ. ತಂಗಿಯೇ ಹಟ ಮಾಡಿ ಬರೆಸಿಕೊಂಡಿದ್ಲು, ಗೇಟಲ್ಲಿ ತೋರಿಸೋಕೆ ಅಂತ.

ಕರಿಕೋಟು_ಧಾರವಾಡ:
ಆ ಹುಡುಗಿ ವಕೀಲಕಿನ ಆಗಬೇಕಿತ್ತು.

ಲೆಸ್ಟರ್_ಶೆಟ್ರು:
ಇನ್ನೊಂದು ಇಲ್ಲಿನ ಪ್ರಕರಣ ಹೇಳ್ತೀನಿ, ಯಾಕಂದ್ರೆ ಮೊದಲ ಪೋಸ್ಟ್ ಓದಿದಾಗ ಅದೇ ನೆನಪಾಯ್ತು. ಕೆಂಟ್ ಮತ್ತು ಗ್ರಿಫಿತ್ಸ್, ಮೇಲ್ಮನವಿ ತೀರ್ಪು 2000ದ್ದು. ಲಂಡನ್ನಿನಲ್ಲಿ ಗರ್ಭಿಣಿಯೊಬ್ಬರಿಗೆ ಆಸ್ತಮಾ ಜೋರಾಯ್ತು. ಮನೆಗೆ ಬಂದ ಡಾಕ್ಟರ್ ಸಂಜೆ 4:25ಕ್ಕೆ ಆಂಬುಲೆನ್ಸಿಗೆ ಫೋನ್ ಮಾಡಿದ್ರು. ಮತ್ತೆ ಎರಡು ಸಲ ಫೋನ್ ಹೋಯ್ತು, ಬರ್ತಿದೆ ಅಂತಲೇ ಉತ್ತರ. ಬಂದಿದ್ದು 5:05ಕ್ಕೆ. ಉಸಿರು ನಿಂತು ಮಿದುಳಿಗೆ ಪೆಟ್ಟಾಯ್ತು. ಕರೆ ಒಪ್ಪಿಕೊಂಡ ಮೇಲೆ ಆಂಬುಲೆನ್ಸ್ ಸೇವೆಗೆ ಹೊಣೆ ಇದೆ ಅಂತ ಕೋರ್ಟ್ ಹೇಳಿತು.

ಅದರಲ್ಲಿ ಎರಡು ಅಂಶ ಗಮನಿಸಿ. ಇಷ್ಟು ತಡ ಆಗತ್ತೆ ಅಂತ ಗೊತ್ತಿದ್ರೆ ನನ್ನ ಕಾರಲ್ಲೇ ಕರ್ಕೊಂಡು ಹೋಗ್ತಿದ್ದೆ ಅಂತ ಆ ಡಾಕ್ಟರ್ ಸಾಕ್ಷಿ ಹೇಳಿದ್ರು. ಅಂದ್ರೆ "ಬರ್ತಿದೆ" ಅನ್ನೋ ಸುಳ್ಳು ಭರವಸೆ ಬೇರೆ ದಾರಿಗಳನ್ನ ಮುಚ್ಚಿತು. ನಿಮ್ಮ ಪಿಕಪ್, ನಿಮ್ಮ 108 ಅದೇ ಅಲ್ವಾ? ಆ ಪಿಕಪ್ಪಿನವರ ಹೇಳಿಕೆ ತಗೊಳ್ಳಿ. ಎರಡನೇದು, ಸಿಬ್ಬಂದಿ ಬರೆದಿದ್ದ ಆಗಮನದ ಸಮಯ ಸುಳ್ಳು ಅಂತ ವಿಚಾರಣೆಯಲ್ಲಿ ಸಾಬೀತಾಯ್ತು. ಟ್ರಿಪ್ ಶೀಟ್ ಬೇಗ ಕೇಳಿ.

ಸೈರನ್_ಸಿದ್ದ:
ಮಂಡ್ಯ ಕಡೆ ಎಂಟು ವರ್ಷದಿಂದ ಆಂಬುಲೆನ್ಸ್ ಓಡಿಸ್ತಿವ್ನಿ. ನಮ್ಮ ಕಡೆಯಿಂದಾನೂ ಒಸಿ ಕೇಳಿ. ಸಣ್ಣ ಆಸ್ಪತ್ರೇಲಿ ಇರೋದು ಒಂದೇ ಗಾಡಿ, ಒಬ್ಬನೇ ಡ್ರೈವರ್. ರಾತ್ರಿ ಪೇಷೆಂಟ್ ಬಿಟ್ಟು ಬಂದು ಮಲ್ಗಿರ್ತಾನೆ. ಗಾಡಿ ಜಿಲ್ಲಾಸ್ಪತ್ರೆಗೆ ಹೋಗಿದ್ರೂ ರಿಸೆಪ್ಷನ್ ಹುಡುಗಿ "ಹೊರಟಿದೆ" ಅಂತಾಳೆ, ಯಾಕಂದ್ರೆ ಇಲ್ಲ ಅಂದ್ರೆ ಪೇಷೆಂಟ್ ಬೇರೆ ಆಸ್ಪತ್ರೆಗೆ ಹೋಗ್ತಾರೆ. ಬೈಸ್ಕಳೋದು ನಾವು. ಗಾಡಿಯವನ ಮೇಲೆ ಕೇಸ್ ಹಾಕ್ಬೇಡಿ ಅಣ್ಣ, ಹೊರಟಿದೆ ಅಂದೋರ್ ಮೇಲೆ ಹಾಕಿ.

ಟ್ರಿಪ್ ಶೀಟ್ ನಂಬ್ಕಬೇಡಿ. ತುಂಬೋದು ಸಂಜೆ ಕೂತ್ಕಂಡು, ಅಂದಾಜಲ್ಲಿ. ಕಿಲೋಮೀಟರ್ ರೀಡಿಂಗ್ ಮಾತ್ರ ನೋಡಿ, ಅದ್ರಲ್ಲಿ ಸುಳ್ಳು ಬರೆದ್ರೆ ಮುಂದಿನ ಟ್ರಿಪ್‌ಗೆ ಲೆಕ್ಕ ಕೂಡಲ್ಲ. ನಿಮ್ಮ ಟ್ರಿಪ್‌ಗಿಂತ ಮುಂಚೆ ಆ ಗಾಡಿ ಎಲ್ಲಿತ್ತು ಅಂತ ಅದ್ರಲ್ಲೇ ಸಿಗುತ್ತೆ.

ಕರಿಕೋಟು_ಧಾರವಾಡ:
ಸಿದ್ದಣ್ಣ ಹೇಳಿದ್ದು ಬಂಗಾರದಂಥ ಮಾತು. ಕೇಸ್ ಶೀಟ್ ಮತ್ತ ಟ್ರಿಪ್ ಶೀಟ್ ಎರಡನ್ನೂ ಬರವಣಿಗೆಯೊಳಗ ಕೇಳ್ರಿ, ಸ್ವೀಕೃತಿ ತಗೋರಿ. ವೈದ್ಯಕೀಯ ದಾಖಲೆ ಕೇಳಿದ 72 ತಾಸಿನೊಳಗ ಕೊಡಬೇಕು ಅಂತ ವೈದ್ಯಕೀಯ ಮಂಡಳಿ ನಿಯಮ ಅದ.

ತಡಕ್ಕ ಕಾರಣ ಏನು ಅಂತ ನೀವು ಹುಡುಕಿ ಸಾಬೀತು ಮಾಡಬೇಕಿಲ್ಲ. 2021ರ ಸಪ್ಟೆಂಬರದಾಗ ವಾಯುವ್ಯ ರೈಲ್ವೆ ಪ್ರಕರಣದೊಳಗ ಸುಪ್ರೀಂ ಕೋರ್ಟ್ ಇದನ್ನ ಹೇಳೇತಿ. ಜಮ್ಮುಗೆ ಹೋಗೋ ರೈಲು ನಾಲ್ಕು ತಾಸು ತಡ ಆಗಿ ಒಂದು ಕುಟುಂಬಕ್ಕ ಶ್ರೀನಗರದ ವಿಮಾನ ತಪ್ಪಿತ್ತು. ತಡ ತಮ್ಮ ಕೈಮೀರಿದ್ದು ಅಂತ ರೈಲ್ವೆನ ತೋರಿಸಬೇಕು, ತೋರಿಸದಿದ್ರ ಸೇವಾ ನ್ಯೂನತೆ, ಅಂತ ತೀರ್ಪು. ಆದರ ಒಟ್ಟು ಕೊಟ್ಟಿದ್ದು 30,000 ರೂಪಾಯಿ. ಟ್ಯಾಕ್ಸಿ, ಬುಕಿಂಗ್, ಮಾನಸಿಕ ಹಿಂಸೆ, ಎಲ್ಲಾ ಕೈಗೆ ಸಿಗೋ ನಷ್ಟ. ಅಲ್ಲಿ ಅವಕಾಶಕ್ಕ ಬೆಲೆ ಕಟ್ಟೋ ಪ್ರಶ್ನೇನ ಬರಲಿಲ್ಲ.

ಬೆಣ್ಣೆದೋಸೆ_ಬಾಯ್:
ಉತ್ತರ ಪ್ರದೇಶದ ಬಸ್ತಿಯಲ್ಲಿ ರೈಲು ಎರಡೂವರೆ ಗಂಟೆ ತಡವಾಗಿ 2018ರಲ್ಲಿ ಪ್ರವೇಶ ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಗೆ ಗ್ರಾಹಕರ ಆಯೋಗ 9 ಲಕ್ಷಕ್ಕೂ ಹೆಚ್ಚು ಕೊಡಿಸಿದೆ. 20 ಲಕ್ಷ ಕೇಳಿದ್ರಂತೆ. ಈ ವರ್ಷ ಪೇಪರಲ್ಲಿ ಬಂದಿತ್ತಲ್ಲ. ಅಂದ್ರೆ ಅಣ್ಣಂಗೂ 9 ಲಕ್ಷ ಪಕ್ಕಾ.

ಕರಿಕೋಟು_ಧಾರವಾಡ:
ಪಕ್ಕಾ ಅನ್ನೋ ಶಬ್ದ ವಕೀಲರ ಮುಂದ ಆಡಬ್ಯಾಡ ತಮ್ಮಾ. ಅದು ಜಿಲ್ಲಾ ಆಯೋಗದ ಆದೇಶ, ಮ್ಯಾಲೆ ರಾಜ್ಯ ಆಯೋಗ ಅದ, ರಾಷ್ಟ್ರೀಯ ಆಯೋಗ ಅದ. ನಮ್ಮ ಆಯೋಗಕ್ಕ ಅದು ಕಟ್ಟಾಜ್ಞೆ ಅಲ್ಲ, ತೋರಿಸಬಹುದು ಅಷ್ಟ. ತೋರಿಸ್ರಿ ಖರೇ.

ಕಡಲಕೆರೆ_ಮೇಷ್ಟ್ರು:
ನಾನು ದಕ್ಷಿಣ ಕನ್ನಡದಲ್ಲಿ ನೀಟ್ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವ. ಎರಡನೇ ಮೆಟ್ಟಿಲಿನ ಬಗ್ಗೆ ಎರಡು ಮಾತು. ಹೆಚ್ಚಿನವರು ಮಾಡುವ ತಪ್ಪು ಎಂತದು ಅಂದರೆ ಅಣಕು ಪರೀಕ್ಷೆಯ ಅಂಕ ಹಿಡಿದು, ಕಳೆದ ವರ್ಷದ ಕಟಾಫ್ ಪಕ್ಕ ಇಟ್ಟು ಹೋಲಿಸುವುದು. ಅದು ಹೋಗುವುದಿಲ್ಲ ಮಾರಾಯ್ರೆ. 2024ರಲ್ಲಿ 720ಕ್ಕೆ 720 ತೆಗೆದವರು ಎಷ್ಟೋ ಮಂದಿ. 2025ರಲ್ಲಿ ಫಿಸಿಕ್ಸ್ ಬಿಗಿಯಾಗಿ ಬಂತು, ದೇಶಕ್ಕೆ ಮೊದಲು ಬಂದವನಿಗೇ 686. ಒಂದು ವರ್ಷದ 600 ಇನ್ನೊಂದು ವರ್ಷದ 600 ಅಲ್ಲ.

ಅಂಕ ಬಿಡಿ, ಸ್ಥಾನ ನೋಡಿ. ನಿಮ್ಮ ತಂಗಿ ಓದಿದ ಸಂಸ್ಥೆಯಲ್ಲಿ ಪ್ರತಿ ಅಣಕು ಪರೀಕ್ಷೆಗೂ ಬ್ಯಾಚಿನಲ್ಲಿ ಎಷ್ಟನೆಯವಳು ಅಂತ ಪಟ್ಟಿ ಇರ್ತದೆ. ಅವಳ ಮೇಲೆ ಕೆಳಗೆ ಇದ್ದ ಮಕ್ಕಳು ನಿಜವಾದ ಪರೀಕ್ಷೆಯಲ್ಲಿ ಏನಾದರು ಅಂತ ಕೇಳಿ. ಅದೇ ವರ್ಷ, ಅದೇ ಪ್ರಶ್ನೆಪತ್ರಿಕೆ, ಅದೇ ಪಾಠ. ಅದಕ್ಕಿಂತ ಒಳ್ಳೆಯ ಅಳತೆಕೋಲು ಇಲ್ಲ.

ಏಲಕ್ಕಿಗುಡ್ಡ:
ಸಾರ್, ಇವತ್ತೇ ಹೋಗಿ ಕೇಳ್ಕೊಂಡು ಬಂದೆ. ಬ್ಯಾಚಲ್ಲಿ 120 ಜನ. ಕೊನೇ 12 ಟೆಸ್ಟಲ್ಲಿ ಇವಳು 9ರಿಂದ 14ರ ಮಧ್ಯೆನೇ ಇದ್ದಾಳೆ. ಅವಳ ಆಸುಪಾಸು ಖಾಯಂ ಇದ್ದ 8 ಜನರಲ್ಲಿ ಸರ್ಕಾರಿ ಸೀಟು ಸಿಕ್ಕಿದ್ದು 2 ಜನಕ್ಕೆ. ಸಂಸ್ಥೆಯವರು ಅಫಿಡವಿಟ್ ಕೊಡ್ತೀವಿ ಅಂದಿದ್ದಾರೆ, ಬೇರೆ ಮಕ್ಕಳ ಹೆಸರು ಹಾಕಲ್ಲ ಅಂದ್ರು.

ಕಡಲಕೆರೆ_ಮೇಷ್ಟ್ರು:
ಎಂಟರಲ್ಲಿ ಎರಡು. ಕಾಲು ಭಾಗ. ಎಂಟು ಜನ ಅಂದರೆ ಸಣ್ಣ ಲೆಕ್ಕ, ಒಂದು ಮಗು ಆಚೆಈಚೆ ಆದರೂ ಶೇಕಡಾ ಹಾರ್ತದೆ. ಆದರೂ ಬರೇ ಆಸೆ ಅಂತ ಯಾರೂ ಹೇಳುವ ಹಾಗಿಲ್ಲ.

ಏಲಕ್ಕಿಗುಡ್ಡ:
ಹಾಗಾದ್ರೆ ಡಾಕ್ಟರ್ ಆಗಿ ದುಡಿಯೋದ್ರ ಕಾಲು ಭಾಗ ಕೇಳಬಹುದಾ? ಅದು ಕೋಟಿಗಟ್ಟಲೆ ಆಗತ್ತಲ್ಲ?

ಕರಿಕೋಟು_ಧಾರವಾಡ:
ಅಲ್ಲೇ ಎಲ್ಲಾರೂ ಜಾರಿ ಬೀಳ್ತಾರ. ಹುಡುಗಿ ಕಳಕೊಂಡಿದ್ದು ಡಾಕ್ಟರ್ ಆಗೋದನ್ನಲ್ಲ, ಈ ವರ್ಷ ಡಾಕ್ಟರಿಕಿಗೆ ಸೇರೋ ಅವಕಾಶನ. ನೀಟ್ ಬರೆಯಾಕ ವಯಸ್ಸಿನ ಗರಿಷ್ಠ ಮಿತಿ ಇಲ್ಲ, ಮುಂದಿನ ವರ್ಷ ಬರೀಬಹುದು. ವಯಸ್ಸು ಮೀರೋ ಕೊನೇ ವರ್ಷದಾಗ ಪೊಲೀಸ್ ನೇಮಕಾತಿ ಪರೀಕ್ಷೆ ತಪ್ಪಿದ್ರ ಮಾತು ಬ್ಯಾರೆ, ಅಲ್ಲಿ ಬಾಗಿಲು ಕಾಯಂ ಮುಚ್ಚತದ. ನಿಮ್ಮದು ಒಂದು ವರ್ಷದ ನಷ್ಟ.

ಅಂದಾಜು ಮಾಡೋಣ. ಒಂದು ವರ್ಷ ತಡವಾಗಿ ದುಡಿಮೆ ಶುರು ಆಗೋದರ ಬೆಲೆ 6 ಲಕ್ಷ ಅಂತ ಇಟ್ಟುಕೊಳ್ರಿ, ಇದು ನಾನು ಸುಮ್ಮ ಹಿಡದ ಅಂಕಿ. ಅದರ ಕಾಲು ಭಾಗ ಒಂದೂವರೆ ಲಕ್ಷ. ಮತ್ತೊಂದು ವರ್ಷದ ಕೋಚಿಂಗ್ ಫೀ ಎಷ್ಟು ಕಟ್ಟಿದ್ರಿ?

ಏಲಕ್ಕಿಗುಡ್ಡ:
ಹಾಸ್ಟೆಲ್ ಸೇರಿ 1,40,000. ಅದಂತೂ ಪೂರ್ತಿ ಬರಬೇಕಲ್ಲ ಮೇಡಂ, ಕೈಯಿಂದ ಕಟ್ಟಿದ್ದು.

ಕರಿಕೋಟು_ಧಾರವಾಡ:
ಅನ್ನಸ್ತದ ಹಂಗ. ಆದರ ಯೋಚನೆ ಮಾಡ್ರಿ. ಪರೀಕ್ಷೆ ಬರದು ಸೀಟು ಸಿಗದಿದ್ರ ಮುಂದ ಏನು ಮಾಡತಿದ್ರಿ? ಮತ್ತ ಕೋಚಿಂಗಿಗೇ ಹಾಕತಿದ್ರಿ. ಸೀಟು ಸಿಗದಿರೋ ಸಾಧ್ಯತೆ ಮುಕ್ಕಾಲು ಅಂತ ನಮ್ಮದ ಲೆಕ್ಕ ಹೇಳ್ತದ. ಅಂದ್ರ ಆ ಫೀದೊಳಗೂ ಆಂಬುಲೆನ್ಸಿನ ತಪ್ಪಿಗೆ ಬರೋದು ಕಾಲು ಭಾಗನ, 35,000. ಎದುರಿನವರು ಹುಷಾರಿದ್ರ ಇದನ್ನ ಎತ್ತೇ ಎತ್ತತಾರ. ಎರಡೂ ಕೂಡಿದ್ರ 1,85,000. ಮಾನಸಿಕ ಹಿಂಸೆ, ದಾವೆ ಖರ್ಚು ಬ್ಯಾರೆ, ಅದಕ್ಕ ಶೇಕಡಾ ಹಚ್ಚೂದಿಲ್ಲ. ಅಂದು ಆ ಗೇಟಿನ ಮುಂದ ನಿಂತಿದ್ದು ಸಾಧ್ಯತೆ ಅಲ್ಲ, ನಡೆದದ್ದು.

ಒಂದು ಮಾತು. ನಮ್ಮ ಆಯೋಗಗಳು ಆದೇಶದೊಳಗ ಈ ಗಣಿತ ಬರೆಯೂದು ಕಡಿಮಿ. "ಒಟ್ಟಾಗಿ ಇಷ್ಟು" ಅಂತ ಬರೀತಾರ. ಆದರ ನೀವು ಲೆಕ್ಕ ಕೊಟ್ಟು ಕೇಳಿದ್ರ ಮ್ಯಾಲಿನ ಆಯೋಗದಾಗ ಮೊತ್ತ ಉಳೀತದ, ಸುಮ್ಮ 50 ಲಕ್ಷ ಅಂದ್ರ ನಗ್ತಾರ.

ಸೆಕ್ಷನ್‌ಪ್ರಿಯ:
ಮೇಡಂ, ಶೇಕಡಾ ವಿಷಯದಲ್ಲಿ ನಾನು ಸೋತೆ. ಆದ್ರೆ ಇನ್ನೊಂದು ಇದೆ. ಕರಾರು ಕಾಯ್ದೆ 73ನೇ ಕಲಂ ಪ್ರಕಾರ, ಕರಾರು ಆಗೋವಾಗ ಎರಡೂ ಕಡೆಗೆ ಗೊತ್ತಿದ್ದ ನಷ್ಟಕ್ಕೆ ಪರಿಹಾರ, ದೂರದ ನಷ್ಟಕ್ಕೆ ಇಲ್ಲ. ಆಂಬುಲೆನ್ಸ್ ಇರೋದು ಜೀವ ಉಳಿಸೋಕೆ, ಪರೀಕ್ಷೆಗೆ ಬಿಡೋಕಲ್ಲ. ನೀಟ್ ಅಂತ ಹೇಳಿದ್ದು ಎರಡನೇ ಫೋನಲ್ಲಿ, ಕರಾರು ಆಗಿದ್ದು ಮೊದಲನೇ ಫೋನಲ್ಲಿ.

ಕರಿಕೋಟು_ಧಾರವಾಡ:
ಭೇಷ್. ಇದು ಈ ದಾವೆಯ ಅತೀ ದುರ್ಬಲ ಜಾಗ, ನಾನು ಮೊದಲ ದಿನ ಕೇಳಿದ್ದು ಅದಕ್ಕ. ನನ್ನ ವಾದ ಏನಂದ್ರ, ಎರಡನೇ ಫೋನಿನಾಗ ಪರೀಕ್ಷೆ ವಿಷಯ ಗೊತ್ತಾದ ಮ್ಯಾಲೂ "ಹೊರಟಿದೆ" ಅಂದ್ರು. ಅಲ್ಲೇ ಹೊಸಾ ತಪ್ಪು ಹುಟ್ಟಿತು. 7:25ಕ್ಕ "ಗಾಡಿ ಇಲ್ಲ" ಅಂದಿದ್ರ ಪಿಕಪ್ ಇತ್ತು, 8:10ರ ಹೊತ್ತಿಗೆ ಆಸ್ಪತ್ರೆ ಮುಟ್ಟತಿದ್ರು. ಒಪ್ಪತಾರೋ ಇಲ್ಲೋ, ನಾನು ಖಾತ್ರಿ ಹೇಳೂದಿಲ್ಲ.

ಸೆಕ್ಷನ್‌ಪ್ರಿಯ:
ನಾನು ಒಪ್ಪಲ್ಲ. ಆದ್ರೆ ನಾನು ನ್ಯಾಯಾಧೀಶ ಅಲ್ಲ.

ತುಂಗಭದ್ರಾ_97:
108ದೇ ತಡ ಆಗಿದ್ರೆ?

ಕರಿಕೋಟು_ಧಾರವಾಡ:
ಗ್ರಾಹಕರ ಆಯೋಗದ ಬಾಗಿಲು ಸಿಗೂದಿಲ್ಲ. ರೊಕ್ಕ ಕೊಡದ ಸೇವೆ ಆ ಕಾಯ್ದೆಯೊಳಗ ಬರೂದಿಲ್ಲ, 1995ರ ಶಾಂತಾ ಪ್ರಕರಣದಿಂದ ಅದು ಸ್ಪಷ್ಟ. ಹೈಕೋರ್ಟಿನಾಗ ರಿಟ್, ಇಲ್ಲಾ ಸಿವಿಲ್ ದಾವೆ. ಅದು ಬ್ಯಾರೇ ಪುರಾಣ. ಇವರ ಕಡೆ 3,500ರ ರಸೀದಿ ಅದ, ಅದು ಇವರ ಪುಣ್ಯ. ಕೊಟ್ಟ ಹಣ 5 ಲಕ್ಷದೊಳಗ ಇರೋದರಿಂದ ದೂರಿಗೆ ಶುಲ್ಕ ಇಲ್ಲ. ಘಟನೆ ಆಗಿ ಎರಡು ವರ್ಷದೊಳಗ ಹಾಕಬೇಕು.

ಕಾಫಿಕುಡಿ_ಸುಮ್ನಿರು:
ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಈ ಸಲ ಹುಡುಗಿಗೆ ಸೀಟು ಸಿಕ್ಕಿಬಿಟ್ರೆ "ನಷ್ಟ ಏನಾಯ್ತು" ಅಂತಾರೆ. ಸಿಗದೇ ಇದ್ರೆ "ಹೋದ ವರ್ಷವೂ ಸಿಗ್ತಿರಲಿಲ್ಲ" ಅಂತಾರೆ. ಎರಡು ಕಡೆಯೂ ಅವರಿಗೇ ಲಾಭ ಅಲ್ವಾ?

ಕರಿಕೋಟು_ಧಾರವಾಡ:
ಸುಮ್ನಿರು ಅಂತ ಹೆಸರಿಟ್ಟುಕೊಂಡು ಎಲ್ಲಾರಿಗಿಂತ ಛಲೋ ಪ್ರಶ್ನೆ ಕೇಳಿದ್ರಿ. ಹೌದು, ಎರಡೂ ಅಂತಾರ. ಸಿಕ್ಕರ ಒಂದು ವರ್ಷ ತಡ ಆದದ್ದು ಉಳೀತದ. ಸಿಗದಿದ್ರ ಕಷ್ಟ, ಲೆಕ್ಕ ಅಂದಿನ ದಿನದ ಮ್ಯಾಲೆ ಹಾಕಬೇಕು ಅಂತ ನಾವು ಜಗ್ಗಬೇಕು. ಅದಕ್ಕ ಫಲಿತಾಂಶ ಬರೋಕ್ಕಿಂತ ಮೊದಲ ದೂರು ಹಾಕೂದು ನನಗ ಸರಿ ಕಾಣಸ್ತದ.

ಏಲಕ್ಕಿಗುಡ್ಡ (ಒಂಬತ್ತು ದಿನ ಬಿಟ್ಟು):
ಟ್ರಿಪ್ ಶೀಟ್ ಕೊಟ್ರು. ಸೈರನ್ ಸಿದ್ದಣ್ಣ, ನೀವು ಹೇಳಿದ್ದೇ ಆಯ್ತು. ಮನೆ ತಲುಪಿದ ಸಮಯ 7:50 ಅಂತ ಬರೆದಿದ್ದಾರೆ. ಆಸ್ಪತ್ರೆಗೆ ವಾಪಸ್ 9:40. 14 ಕಿಲೋಮೀಟರ್‌ಗೆ ಒಂದು ಗಂಟೆ ಐವತ್ತು ನಿಮಿಷ, ಅವರ ಪ್ರಕಾರವೇ. ಅದಕ್ಕಿಂತ ಮುಂಚಿನ ಸಾಲಿನಲ್ಲಿ ಗಾಡಿ ಜಿಲ್ಲಾ ಕೇಂದ್ರಕ್ಕೆ ಹೋಗಿ ಬಂದ ಕಿಲೋಮೀಟರ್ ಇದೆ, ವಾಪಸ್ ಬಂದ ಸಮಯ ಖಾಲಿ ಬಿಟ್ಟಿದ್ದಾರೆ. ಎರಡನೇ ಫೋನಿನ ರೆಕಾರ್ಡಿಂಗ್ ಸಿಕ್ಕಿತು, ಮೊದಲನೇದು ಇಲ್ಲ.

ಸೈರನ್_ಸಿದ್ದ:
7:50 ಅನ್ನೋದು ಸುಳ್ಳು ಅಂತ ತೋರ್ಸೋಕೆ ಇನ್ಯಾರಾದ್ರೂ ನೋಡಿರ್ಬೇಕಲ್ಲಣ್ಣ. ದಾರೀಲಿ ಕ್ಯಾಮೆರಾ ಪಾಮೆರಾ ಏನಾರ ಐತಾ?

ಏಲಕ್ಕಿಗುಡ್ಡ:
ಕ್ಯಾಮೆರಾ ಇಲ್ಲ. ಆದ್ರೆ ತೋಟದ ಗೇಟಲ್ಲಿ ವಾಚ್‌ಮನ್ ಒಳಗೆ ಬರೋ ಗಾಡಿಗಳನ್ನ ಬರೀತಾನೆ, ಮೆಣಸು ಕಳ್ಳತನ ಆದಮೇಲೆ ಮಾಡಿದ ವ್ಯವಸ್ಥೆ. ನಿನ್ನೆ ಸಂಜೆ ಆ ನೋಟ್‌ಬುಕ್ ತೆಗೆಸಿ ನೋಡಿದೆ. ಆ ದಿನದ ಪುಟದಲ್ಲಿ ಹಾಲಿನ ಗಾಡಿ 6:15, ರೈಟರ ಬೈಕ್ 8:30, ಆಮೇಲೆ ಗಾಡಿ ನಂಬರ್ ಜೊತೆ "ಆಂಬುಲೆನ್ಸ್ 9:02". ಪಕ್ಕದಲ್ಲಿ "ಹಾರ್ನ್ ಹೊಡೆದ, ಬೈದ" ಅಂತಲೂ ಬರೆದಿದ್ದಾನೆ. ನೋಟ್‌ಬುಕ್ ಮಾಲೀಕರ ಹತ್ರ ಬೀಗ ಹಾಕಿಸಿದ್ದೀನಿ. ಮೇಡಂ, ನಿಮಗೆ ಫೋಟೋ ಕಳಿಸ್ತೀನಿ.